ಕೊನೆಯ ಅಧ್ಯಾಯದಿಂದ ಹಿಂದಕ್ಕೆ

ಮಹಾಪ್ರಬಂಧವೊಂದರ ಒಳಹೊಂದಾಣಿಕೆಯನ್ನು, ಅಂದರೆ ಅದರ ಸಂಶೋಧನಾ ಪ್ರಶ್ನೆ, ಉದ್ದೇಶ, ವಿಧಾನ ಮತ್ತು ತೀರ್ಮಾನಗಳು ಒಂದೇ ದಾರದಲ್ಲಿ ಪೋಣಿಸಿಕೊಂಡಿವೆಯೇ ಎಂಬುದನ್ನು, ಪರೀಕ್ಷಿಸುವವರು ಕೊನೆಯ ಅಧ್ಯಾಯದಿಂದ ಹಿಂದಕ್ಕೆ ಓದುತ್ತ ಬರುವುದು ಒಳ್ಳೆಯದು. ಮೊದಲ ಪುಟದಿಂದ ಓದುವಾಗ ಬರಹದ ಓಘವೇ ಓದುಗರನ್ನು ಒಪ್ಪಿಸಿಬಿಡುತ್ತದೆ. ಹಿಂದಕ್ಕೆ ಓದುವಾಗ ಪ್ರತಿಯೊಂದು ತೀರ್ಮಾನವೂ ತಾನು ನಿಂತಿರುವ ಕೋಷ್ಟಕವನ್ನು, ಆ ಕೋಷ್ಟಕವು ತನಗೆ ಮೂಲವಾದ ಪ್ರಶ್ನಾವಳಿಯ ಅಂಶವನ್ನು ತೋರಿಸಬೇಕಾಗುತ್ತದೆ.

ಕರ್ನಾಟಕದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳನ್ನು ಕುರಿತ ಪ್ರಬಂಧವೊಂದನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಗುಂಪಿಗೆ ಸೇರಿದ್ದರಿಂದ ಮನೆಯ ಹಣಕಾಸಿನ ನಿರ್ಧಾರಗಳಲ್ಲಿ ಮಹಿಳೆಯರ ಪಾತ್ರ ಹೆಚ್ಚಿದೆಯೇ ಎಂಬುದು ಅದರ ಪ್ರಶ್ನೆ. ಆ ಪ್ರಭಾವವನ್ನು 'ಅಧ್ಯಯನ ಮಾಡುವುದು' ಉದ್ದೇಶ. 300 ಸದಸ್ಯೆಯರಿಂದ ಒಂದೇ ಸಲ ಪ್ರಶ್ನಾವಳಿ ತುಂಬಿಸಿಕೊಳ್ಳುವುದು ವಿಧಾನ. ಗುಂಪು ಮಹಿಳೆಯರನ್ನು ಸಬಲರನ್ನಾಗಿಸಿದೆ ಎಂಬುದು ತೀರ್ಮಾನ. ನಾಲ್ಕರಲ್ಲೂ ಅವೇ ಪದಗಳು ಮರಳಿ ಬರುವುದರಿಂದ ಮೇಲ್ನೋಟಕ್ಕೆ ಎಲ್ಲವೂ ಹೊಂದಿಕೊಂಡಂತೆಯೇ ಕಾಣುತ್ತದೆ. ಆದರೆ ತೀರ್ಮಾನದ ಬೆನ್ನು ಹಿಡಿದು ಹೋದರೆ ಸಿಗುವುದು, ಸಾಲ ಪಡೆಯುವ ನಿರ್ಧಾರದಲ್ಲಿ ತಾವೂ ಪಾಲ್ಗೊಳ್ಳುತ್ತೇವೆಂದು 210 ಮಂದಿ ಹೇಳಿದ ಒಂದು ಕೋಷ್ಟಕ ಮಾತ್ರ. ಅದು ಸಮೀಕ್ಷೆ ನಡೆದ ದಿನದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು, ಗುಂಪಿಗೆ ಸೇರುವ ಮೊದಲು ಹೇಗಿತ್ತು, ಅದೇ ಊರಿನಲ್ಲಿ ಗುಂಪಿಗೆ ಸೇರದವರಲ್ಲಿ ಹೇಗಿದೆ ಎಂಬುದನ್ನು ಹೇಳುವುದಿಲ್ಲ. ತಪ್ಪು ಕಣ್ಣಿಗೆ ಬೀಳುವುದು ತೀರ್ಮಾನದಲ್ಲಾದರೂ ದಾರ ಕಡಿದಿರುವುದು ಪ್ರಶ್ನೆ ಮತ್ತು ವಿಧಾನಗಳ ನಡುವೆ.

ಈ ಬಿರುಕನ್ನು ಮುಚ್ಚಿಡುವುದು ಉದ್ದೇಶದ ಕ್ರಿಯಾಪದ. 'ಅಧ್ಯಯನ ಮಾಡು' ಎಂಬುದು ಯಾವ ವಿಧಾನಕ್ಕೂ ಒಗ್ಗಿಕೊಳ್ಳುವುದರಿಂದ ಅದರ ಜಾಗದಲ್ಲಿ 'ವಿವರಿಸು', 'ಹೋಲಿಸು', 'ಕಾರಣವನ್ನು ಗುರುತಿಸು' ಎಂಬಿವುಗಳಲ್ಲಿ ಒಂದನ್ನು ಇಟ್ಟು ನೋಡಬೇಕು. ಒಂದೇ ಸಲದ ಸಮೀಕ್ಷೆ ವಿವರಿಸಬಲ್ಲದು. ಹೋಲಿಕೆಗೆ ಕನಿಷ್ಠ ಎರಡು ಗುಂಪುಗಳೋ ಎರಡು ಕಾಲಗಳೋ ಬೇಕು. ಕಾರಣವನ್ನು ಸ್ಥಾಪಿಸಲು, ಆ ವ್ಯತ್ಯಾಸಕ್ಕೆ ಶಿಕ್ಷಣ, ಆದಾಯದಂತಹ ಬೇರೆ ಸಂಗತಿಗಳು ಕಾರಣವಲ್ಲವೆಂದು ತೋರಿಸುವ ಹೊಣೆಯೂ ಸೇರಿಕೊಳ್ಳುತ್ತದೆ.

ಕ್ಷೇತ್ರಕಾರ್ಯ ಮುಗಿದ ಮೇಲೆ ಈ ಕೊರತೆ ಗೊತ್ತಾದರೆ, ಪ್ರಶ್ನೆಯನ್ನು ವಿವರಣೆಯ ಮಟ್ಟಕ್ಕೆ ಇಳಿಸಿ, ಹಾಗೆ ಬದಲಿಸಿದ್ದನ್ನು ಪ್ರಬಂಧದಲ್ಲೇ ದಾಖಲಿಸುವುದು ಪ್ರಾಮಾಣಿಕ ದಾರಿ. ಸೇರಿ ಒಂದು ವರ್ಷವೂ ಆಗದವರನ್ನು ಐದು ವರ್ಷ ದಾಟಿದವರೊಂದಿಗೆ ಹೋಲಿಸುವುದು ಇನ್ನೊಂದು ದಾರಿ. ಗುಂಪಿಗೆ ಸೇರಲು ಮನಸ್ಸು ಮಾಡಿದವರೇ ಎರಡೂ ಕಡೆ ಇರುವುದರಿಂದ ಸೇರದವರೊಂದಿಗಿನ ಹೋಲಿಕೆಗಿಂತ ಇದು ಒಂದು ಅರ್ಥದಲ್ಲಿ ಮೇಲು. ಆದರೂ ಐದು ವರ್ಷ ಉಳಿದವರು ಗುಂಪಿನಿಂದ ಅನುಕೂಲ ಕಂಡವರೇ ಆಗಿರಬಹುದು, ಸಾಲದ ಕಂತು ಕಟ್ಟಲಾರದೆ ಬಿಟ್ಟುಹೋದವರು ಲೆಕ್ಕಕ್ಕೇ ಬಾರದಿರಬಹುದು. ಅವರ ಹೆಸರುಗಳು ಸಿಗುವುದು ಗುಂಪಿನ ಹಳೆಯ ಹಾಜರಿ ಮತ್ತು ಉಳಿತಾಯದ ಪುಸ್ತಕಗಳಲ್ಲಿ.