ಸೆಕೆಗೆ ಚಿತ್ರವಿಲ್ಲದ ಹವಾಮಾನ ಪಟ

ಶಿಶುವಿಹಾರದ ಬೆಳಗಿನಲ್ಲಿ ಸ್ವಾಗತ ನಡೆಯಬೇಕಾದ್ದು ಬಾಗಿಲಲ್ಲಿ, ವೃತ್ತದಲ್ಲಿ ಅಲ್ಲ. ಇಪ್ಪತ್ತು ಮಕ್ಕಳನ್ನು ಸುತ್ತ ಕೂರಿಸಿ ಒಬ್ಬೊಬ್ಬರನ್ನೂ ಒಂದು ನಿಮಿಷ ಮಾತಾಡಿಸಿದರೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಮೂರು ವರ್ಷದ ಮಗು ತನ್ನ ಸರದಿ ಕಾದು ಕೂರುವುದಿಲ್ಲ. ಅದಕ್ಕಾಗಿ ಎಲ್ಲರಿಂದ ಒಟ್ಟಿಗೆ ‘ಗುಡ್ ಮಾರ್ನಿಂಗ್ ಟೀಚರ್’ ಹೇಳಿಸಿ ಮುಗಿಸುವ ರೂಢಿ ಬಂದಿದೆ. ಅದರಿಂದ ಹಾಜರಿ ತಿಳಿಯುತ್ತದೆ, ಆದರೆ ಯಾವ ಮಗುವೂ ಮಾತಾಡಿದಂತೆ ಆಗುವುದಿಲ್ಲ.

ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬರುವಾಗ ಟೀಚರ್ ಹೊಸ್ತಿಲ ಬಳಿ ಕೂತು, ಮಗುವಿನ ಕೈಯಲ್ಲೋ ಮೈಮೇಲೋ ಇರುವ ಒಂದು ವಸ್ತುವಿನಿಂದ ಮಾತು ತೆಗೆಯಬೇಕು. ‘ಹೊಸ ಕೊಡೆ ಉಂಟಲ್ಲ, ಯಾರು ತಂದದ್ದು?’ ಎಂಬುದು ಒಳ್ಳೆಯ ಪ್ರಶ್ನೆ, ಏಕೆಂದರೆ ಅದರ ಉತ್ತರ ಟೀಚರಿಗೆ ನಿಜವಾಗಿಯೂ ಗೊತ್ತಿಲ್ಲ. ‘ಕೊಡೆಯ ಬಣ್ಣ ಯಾವುದು?’ ಎಂಬುದು ಪರೀಕ್ಷೆ, ಮಗು ಒಂದೇ ಪದದಲ್ಲಿ ಅದನ್ನು ಮುಗಿಸುತ್ತದೆ. ಪ್ರತಿದಿನ ನಾಲ್ಕು ಮಕ್ಕಳ ಜೊತೆ ತುಸು ಹೆಚ್ಚು ಹೊತ್ತು ಮಾತಾಡಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಚುಕ್ಕಿ ಇಟ್ಟರೆ ಶನಿವಾರದೊಳಗೆ ಎಲ್ಲರ ಸರದಿಯೂ ಬರುತ್ತದೆ. ಚುಕ್ಕಿ ಇಡದಿದ್ದರೆ ಬಾಯಿಬಡುಕ ಮಕ್ಕಳಿಗೇ ಐದು ಸಲ ಸಿಗುತ್ತದೆ, ಸುಮ್ಮನೆ ಕೂರುವ ಮಗು ತಿಂಗಳುಗಟ್ಟಲೆ ಮಾತಿಲ್ಲದೆ ಉಳಿಯುತ್ತದೆ.

ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಮೇರಿ ಬಡ್ ರೋ ಪ್ರಾಥಮಿಕ ತರಗತಿಗಳ ಧ್ವನಿಮುದ್ರಣ ಪರಿಶೀಲಿಸಿ 1974ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಕೇಳದೆಯೇ ಮಾತಾಡುವ ಮಕ್ಕಳು ಹೆಚ್ಚಿದರು. ಮಂಗಳೂರಿನ ಪಡೀಲಿನಂಥ ಕಡೆ ಮೂರು ಸೆಕೆಂಡಿಗಿಂತಲೂ ಹೆಚ್ಚು ಬೇಕು. ತುಳು, ಕೊಂಕಣಿ, ಬ್ಯಾರಿ ಮನೆಗಳಿಂದ ಬರುವ ಮಗು ಕನ್ನಡದ ಪ್ರಶ್ನೆ ಕೇಳಿ, ಮನೆಮಾತಿನಲ್ಲಿ ಯೋಚಿಸಿ, ಕನ್ನಡದಲ್ಲಿ ಹೇಳಬೇಕಾಗುತ್ತದೆ. ಮನೆಮಾತಿನಲ್ಲೇ ಹೇಳಿದರೂ ಅದು ಪೂರ್ಣ ಉತ್ತರವೇ.

ಇನ್ನು ಹವಾಮಾನ ಪಟ. ಅಂಗಡಿಯಲ್ಲಿ ಸಿಗುವ ಪಟದಲ್ಲಿ ಸೂರ್ಯ, ಮೋಡ, ಮಳೆ, ಗಾಳಿ, ಹಿಮ ಎಂಬ ಐದು ಚಿತ್ರಗಳೂ ನಡುವೆ ತಿರುಗುವ ಒಂದು ಮುಳ್ಳೂ ಇರುತ್ತವೆ. ಮಂಗಳೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಆ ಮುಳ್ಳು ಮಳೆಯ ಮೇಲೆ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸೂರ್ಯನ ಮೇಲೆ ನಿಂತಿರುತ್ತದೆ. ನಿಂತ ಮುಳ್ಳಿನ ಬಗ್ಗೆ ಮಾತಾಡಲು ಏನೂ ಇರುವುದಿಲ್ಲ. ಹಿಮ ಇಲ್ಲಿ ಬೀಳುವುದೇ ಇಲ್ಲ. ಊರಿನವರು ವರ್ಷದ ಅರ್ಧ ಭಾಗ ದಿನವೂ ಆಡುವ ‘ಎಂಥ ಸೆಕೆ’ ಎಂಬ ಮಾತಿನ ಸೆಕೆಗೆ ಪಟದಲ್ಲಿ ಚಿತ್ರವೇ ಇಲ್ಲ. ಬೇರೆ ಹವೆಯ ದೇಶಕ್ಕೆ ಮಾಡಿದ ಪಟ ಅದು. ಅದನ್ನು ತೂಗುಹಾಕಿ ‘ಇವತ್ತು ಬಿಸಿಲಾ, ಮಳೆಯಾ?’ ಎಂದು ಕೂಗಿಸುವ ಪದ್ಧತಿಯನ್ನು ಕೈಬಿಡುವುದೇ ಸರಿ.

ಮಳೆಗಾಲದಲ್ಲಿ ಕೇಳಬೇಕಾದ್ದು ಮಳೆ ಬಂತೇ ಎಂದಲ್ಲ, ಎಷ್ಟು ಬಂತು, ಹೇಗೆ ಬಂತು ಎಂದು. ಅದಕ್ಕೆ ಎರಡು ಲೀಟರಿನ, ನೇರ ಬದಿಯ ಪ್ಲಾಸ್ಟಿಕ್ ಬಾಟಲಿ ಸಾಕು. ಕತ್ತಿನ ಭಾಗವನ್ನು ಕತ್ತರಿಸಿ, ತಲೆಕೆಳಗೆ ಮಾಡಿ, ಆಲಿಕೆಯಂತೆ ಬಾಟಲಿಯೊಳಗೇ ಕೂರಿಸಬೇಕು. ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಗೆರೆ ಎಳೆಯಬೇಕು. ಅಲ್ಲಿಂದ ಮೇಲೆ ಏರಿದ ನೀರಿನ ಎತ್ತರವೇ ಬಿದ್ದ ಮಳೆ. ಬಾಟಲಿಯನ್ನು ಅಂಗಳದ ನಡುವೆ, ಗಾಳಿಗೆ ಬೀಳದಂತೆ ಇಟ್ಟಿಗೆಗಳ ಮಧ್ಯೆ ಇಡಬೇಕು. ಮಾಡಿನ ಅಂಚಿನಲ್ಲಿಟ್ಟರೆ ಇಡೀ ಹಂಚಿನ ನೀರು ಅದರೊಳಗೆ ಇಳಿಯುತ್ತದೆ, ತೆಂಗಿನ ಮರದಡಿ ಇಟ್ಟರೆ ಗರಿ ತಡೆಯುತ್ತದೆ. ಸಂಶಯ ಬಂದರೆ ಇನ್ನೊಂದು ಬಾಟಲಿಯನ್ನು ಹತ್ತು ಹೆಜ್ಜೆ ದೂರದಲ್ಲಿಡಬೇಕು. ಎರಡರ ನೀರಿನ ಮಟ್ಟ ತೀರಾ ಬೇರೆ ಇದ್ದರೆ ಒಂದರ ಜಾಗ ತಪ್ಪಿದೆ ಎಂದರ್ಥ.

ಬೆಳಿಗ್ಗೆ ಇಬ್ಬರು ಮಕ್ಕಳು ಬಾಟಲಿಯನ್ನು ಒಳಗೆ ತರುತ್ತಾರೆ. ಗೆರೆಯಿಂದ ನೀರಿನ ಮಟ್ಟದವರೆಗೆ ನೀಲಿ ಕಾಗದದ ಪಟ್ಟಿ ಕತ್ತರಿಸಿ, ನಿನ್ನೆಯ ಪಟ್ಟಿಯ ಪಕ್ಕ ಗೋಡೆಗೆ ಅಂಟಿಸುತ್ತಾರೆ. ಗೆರೆಯ ಮೇಲಿನ ನೀರನ್ನು ಅಂದೇ ಚೆಲ್ಲಬೇಕು. ಮಲೇರಿಯಾ, ಡೆಂಗಿಯ ಕಾಟವಿರುವ ಊರಿನಲ್ಲಿ ನೀರು ನಿಲ್ಲಿಸುವಂತಿಲ್ಲ. ಮಳೆ ಬಿಟ್ಟಾಗ ಕಲ್ಲಿನ ನಡುವಿನ ನೀರನ್ನೂ ಬದಲಿಸಬೇಕು. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಣಿಸುತ್ತದೆ. ಅಂಗನವಾಡಿ ತೆರೆಯುವುದು ಆಮೇಲೆ, ಹಾಗಾಗಿ ಪತ್ರಿಕೆಯ ಅಂಕಿ ಹೊಂದದಿದ್ದರೆ ಚಿಂತೆಯಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಅಳೆಯುವುದು ಮುಖ್ಯ.

ಪಟ್ಟಿ ಅಂಟಿಸುವಾಗಿನ ಮಾತು ಹೀಗೆ ಸಾಗುತ್ತದೆ. ‘ನಿನ್ನೆಯದ್ದು ಇಷ್ಟೇ ಇತ್ತು. ಇವತ್ತಿನದ್ದು ಯಾಕೆ ಇಷ್ಟು ಉದ್ದ?’ ಎನ್ನುತ್ತಾರೆ ಟೀಚರ್. ತುಸು ಹೊತ್ತಿನ ಮೌನ. ‘ರಾತ್ರಿ ಜೋರು ಬರ್ಸ ಬತ್ತ್ಂಡ್’ ಎನ್ನುತ್ತದೆ ಒಂದು ಮಗು. ‘ಹೌದಾ, ಜೋರು ಮಳೆ ಬಂತಾ? ನೀನು ಮಲಗಿದ್ದೆಯಲ್ಲ, ನಿನಗೆ ಹೇಗೆ ಗೊತ್ತಾಯ್ತು?’ ‘ಶೀಟಿನ ಮೇಲೆ ದಡದಡ ಹೇಳಿತು.’ ಇನ್ನೊಂದು ಮಗು ನಡುವೆ ಬಾಯಿ ಹಾಕುತ್ತದೆ: ‘ನಮ್ಮದು ಹಂಚಿನ ಮನೆ, ಅಷ್ಟು ಶಬ್ದ ಇಲ್ಲ.’ ಶೀಟಿಗೂ ಹಂಚಿಗೂ ಶಬ್ದದಲ್ಲಿ ಏನು ವ್ಯತ್ಯಾಸ ಎಂಬಲ್ಲಿಗೆ ಮಾತು ಹೊರಳುತ್ತದೆ. ಟೀಚರ್ ‘ಬರ್ಸ’ವನ್ನು ತಿದ್ದಲಿಲ್ಲ, ಅದನ್ನೇ ಹಿಡಿದು ಕನ್ನಡದಲ್ಲಿ ಮರಳಿ ಕೊಟ್ಟರು. ಮಕ್ಕಳು ಟೀಚರಿಗೆ ಹೇಳುವುದನ್ನು ಬಿಟ್ಟು ತಮ್ಮತಮ್ಮಲ್ಲೇ ಉತ್ತರ ಕೊಡತೊಡಗಿದರೆ ಮಾತು ಬೆಳೆದಿದೆ ಎಂದು ತಿಳಿಯಬಹುದು. ಹನಿ, ಜಿಟಿಜಿಟಿ, ಜಡಿಮಳೆ ಎಂಬ ಪದಗಳು ಆ ದಿನದ ಪಟ್ಟಿಯ ಜೊತೆಗೇ ಮಕ್ಕಳ ಬಾಯಿಗೆ ಬರುತ್ತವೆ.

ಜುಲೈಯಲ್ಲಿ ಜಿಲ್ಲಾಧಿಕಾರಿ ಮಳೆಯ ರಜೆ ಸಾರುವುದುಂಟು. ರಜೆಯ ಮರುದಿನ ಬಾಟಲಿಯಲ್ಲಿ ಎರಡು ದಿನದ ನೀರಿರುತ್ತದೆ. ‘ಇದರಲ್ಲಿ ಯಾವುದು ನಿನ್ನೆಯದು, ಯಾವುದು ಮೊನ್ನೆಯದು?’ ಎಂಬ ಪ್ರಶ್ನೆಗೆ ಟೀಚರಲ್ಲೂ ಉತ್ತರವಿಲ್ಲ. ಮಕ್ಕಳು ವಾದಿಸಲಿ. ಕೊನೆಗೆ ಎರಡು ದಿನದ ಅಗಲಕ್ಕೆ ಒಂದೇ ಪಟ್ಟಿ ಅಂಟಿಸಬೇಕು. ಬೇಸಿಗೆಯಲ್ಲಿ ಬಾಟಲಿಯ ಬದಲು ಸೆಕೆ: ಅಂಗಿಯ ಬೆನ್ನು ಒದ್ದೆಯಾಗಿದೆಯೇ, ಫ್ಯಾನ್ ಯಾವ ಅಂಕಿಯಲ್ಲಿದೆ, ಸಿಮೆಂಟಿನ ನೆಲದ ಮೇಲೆ ಬರಿಗಾಲಿಡಲು ಆಗುತ್ತದೆಯೇ.

ಬೆಳಗಿನ ಇನ್ನೊಂದು ರೂಢಿಯಾದ ಕ್ಯಾಲೆಂಡರಿಗೆ ಎರಡು ನಿಮಿಷ ಸಾಕು. ಸ್ಯಾಲಿ ಬೆನೆಕೆ, ಮಿಖೆಲೀನ್ ಆಸ್ಟ್ರೋಸ್ಕಿ, ಲಿಲಿಯನ್ ಕಾಟ್ಜ್ 2008ರಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ತಿಂಗಳು, ತಾರೀಕುಗಳ ಲೆಕ್ಕ ಪುಟ್ಟ ಮಕ್ಕಳ ಹಿಡಿತಕ್ಕೆ ಸಿಗುವಂಥದ್ದಲ್ಲ, ದಿನವೂ ಕಂಠಪಾಠ ಮಾಡಿಸಿದರೂ ಫಲ ಕಡಿಮೆ ಎಂಬುದು ಅದರ ತಿರುಳು. ಮೂರು ವರ್ಷದ ಮಗುವಿಗೆ ಕಳೆದುದೆಲ್ಲ ‘ನಿನ್ನೆ’, ಬರುವುದೆಲ್ಲ ‘ನಾಳೆ’. ತುಳುವಿನಲ್ಲಿ ಮುರಾನಿ, ಕೋಡೆ, ಇನಿ, ಎಲ್ಲೆ, ಎಲ್ಲಂಜಿ ಎಂಬ ಐದು ಪದಗಳು ಇವೆ. ಕನ್ನಡದಲ್ಲಿ ಮೊನ್ನೆಯಿಂದ ನಾಡಿದ್ದಿನವರೆಗೆ ಅಷ್ಟೇ ಇವೆ. ಈ ಐದು ದಿನಗಳೊಳಗೆ ಮಗು ಓಡಾಡಲು ಕಲಿತರೆ ಆ ವಯಸ್ಸಿಗೆ ಸಾಕು.

ಒಂದು ಹಗ್ಗಕ್ಕೆ ಐದು ಕ್ಲಿಪ್ ಸಿಕ್ಕಿಸಿ ಪ್ರತಿಯೊಂದಕ್ಕೂ ಒಂದು ಚಿತ್ರ ತೂಗುಹಾಕಬೇಕು: ಮೊಟ್ಟೆ ಕೊಟ್ಟ ದಿನ, ರಜೆಯ ದಿನ, ಒಬ್ಬಳ ಹುಟ್ಟುಹಬ್ಬ. ನಡುವಿನದು ಇವತ್ತು. ಬೆಳಿಗ್ಗೆ ಎಲ್ಲ ಚಿತ್ರಗಳನ್ನೂ ಒಂದೊಂದು ಕ್ಲಿಪ್ ಹಿಂದಕ್ಕೆ ಸರಿಸಿ, ಹೊಸ ನಾಡಿದ್ದನ್ನು ಸೇರಿಸಬೇಕು. ‘ಮೊಟ್ಟೆ ಇನ್ನು ಎಷ್ಟು ಸಲ ಮಲಗಿ ಎದ್ದ ಮೇಲೆ?’ ಎಂದು ಮಗುವೇ ಕೇಳುವ ದಿನ ಬರುತ್ತದೆ. ಅಚ್ಚಾದ ಕ್ಯಾಲೆಂಡರ್ ಟೀಚರ ಮೇಜಿನ ಹಿಂದಿನ ಗೋಡೆಯಲ್ಲಿರಲಿ, ಅದು ದೊಡ್ಡವರ ಕೆಲಸಕ್ಕೆ ಬೇಕಾದ ವಸ್ತು.