ವಿವರಣೆಗೆ ಮೊದಲೇ ಪ್ರಶ್ನೆ

ಉಪನ್ಯಾಸದ ಬರಹವನ್ನು ನಡುನಡುವೆ ಪ್ರಶ್ನೆ ಕೇಳುವ ವಿಡಿಯೊ ಮಾಡುವಾಗ ಹೆಚ್ಚಿನವರು ಪ್ರಶ್ನೆಯನ್ನು ವಿವರಣೆಯ ಬೆನ್ನಿಗೇ ಅಂಟಿಸುತ್ತಾರೆ. ಅರ್ಧ ನಿಮಿಷದ ಹಿಂದೆ ಕೇಳಿದ್ದು ನೆನಪಿದ್ದರೆ ಉತ್ತರ ಸಿಕ್ಕಿಬಿಡುತ್ತದೆ, ಯೋಚನೆ ಬೇಕಾಗುವುದಿಲ್ಲ. ನಾನು ವಿವರಣೆಗೆ ಮೊದಲೇ ವಿಡಿಯೊ ನಿಲ್ಲಿಸುತ್ತೇನೆ.

ಹೈಸ್ಕೂಲಿನ ವಿದ್ಯುತ್ ಪಾಠವನ್ನೇ ನೋಡಿ. 'ಸರಣಿ ಜೋಡಣೆಯಲ್ಲಿ ಎಲ್ಲ ಕಡೆಯೂ ವಿದ್ಯುತ್ ಪ್ರವಾಹ ಒಂದೇ' ಎಂಬ ಸಾಲು ಬರಹದಲ್ಲಿತ್ತು. ಮೇಷ್ಟ್ರು ಅದನ್ನು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ನಾನು ಆ ಸಾಲನ್ನು ತೆಗೆದು ಒಂದು ದೃಶ್ಯ ಇಟ್ಟೆ: ಒಂದು ಸೆಲ್, ಒಂದರ ಹಿಂದೆ ಒಂದು ಎರಡು ಒಂದೇ ತರಹದ ಬಲ್ಬು, ಸ್ವಿಚ್ಚಿನ ಮೇಲೆ ಬೆರಳು. ಬೆರಳು ಒತ್ತುವ ಮೊದಲೇ ವಿಡಿಯೊ ನಿಲ್ಲುತ್ತದೆ. ಯಾವ ಬಲ್ಬು ಹೆಚ್ಚು ಬೆಳಗುತ್ತದೆ?

ಆಯ್ಕೆಗಳನ್ನು ತಮಾಷೆಗೆ ತುಂಬಬಾರದು, ಪ್ರತಿ ತಪ್ಪು ಉತ್ತರದ ಹಿಂದೆಯೂ ಮಕ್ಕಳ ತಲೆಯಲ್ಲಿರುವ ಒಂದು ಯೋಚನೆ ಇರಬೇಕು. 'ಮೊದಲನೆಯದು' ಎನ್ನುವ ಹುಡುಗಿ, ಮೊದಲ ಬಲ್ಬು ಪ್ರವಾಹವನ್ನು ಖರ್ಚು ಮಾಡಿ ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ ಎಂದುಕೊಂಡಿದ್ದಾಳೆ. 'ಎರಡನೆಯದು' ಎನ್ನುವವನು ಎಲೆಕ್ಟ್ರಾನುಗಳು ಋಣ ತುದಿಯಿಂದ ಹೊರಡುತ್ತವೆ ಎಂಬುದನ್ನು ಓದಿಕೊಂಡವನು. ಅವನ ಲೆಕ್ಕದಲ್ಲೂ ಖರ್ಚು ಇದೆ, ದಿಕ್ಕು ಮಾತ್ರ ಬೇರೆ. ಇಬ್ಬರಿಗೂ ಒಂದೇ ಸಮಾಧಾನ ಹೇಳಿದರೆ ಸಾಲದು. ಅವಳಿಗೆ ಬಲ್ಬುಗಳ ಮುಂದೆ, ನಡುವೆ, ಹಿಂದೆ ಹೀಗೆ ಮೂರು ಕಡೆ ಅಮ್ಮೀಟರ್ ಇಟ್ಟು ಮೂರರಲ್ಲೂ ಮುಳ್ಳು ಒಂದೇ ಗೆರೆಯ ಮೇಲೆ ನಿಂತಿರುವುದನ್ನು ತೋರಿಸುತ್ತೇನೆ. ಅವನಿಗೆ ಮೊದಲು ಸೆಲ್ಲನ್ನು ತಿರುಗಿಸಿ ಹಾಕಿ ಬೆಳಕು ಬದಲಾಗದಿರುವುದನ್ನು ತೋರಿಸಿ, ಆಮೇಲೆ ಅಮ್ಮೀಟರಿನ ಕಡೆ ಬರುತ್ತೇನೆ. ಬಲ್ಬಿನಲ್ಲಿ ಬೆಳಕು, ಶಾಖವಾಗಿ ಹೋಗುವುದು ಶಕ್ತಿ, ಪ್ರವಾಹವಲ್ಲ ಎಂಬ ಮಾತು ಆಗ ಮಾತ್ರ ಕಿವಿಗೆ ಬೀಳುತ್ತದೆ.

ಕವಲು ಒಡೆದ ದಾರಿಗಳು ಮತ್ತೆ ಕೂಡಲೇಬೇಕು. ಮೂರು ಆಯ್ಕೆಯ ನಾಲ್ಕು ಪ್ರಶ್ನೆಗಳಿದ್ದು ಯಾವ ಕವಲೂ ಹಿಂದಿರುಗದಿದ್ದರೆ 81 ದಾರಿಗಳಾಗುತ್ತವೆ. ಪ್ರತಿ ಕವಲೂ ಮುಖ್ಯ ಪಾಠಕ್ಕೆ ಮರಳಿದರೆ ಹೆಚ್ಚುವರಿಯಾಗಿ ಎಂಟು ತುಣುಕು ಸಾಕು.

ಈ ಕೆಲಸಕ್ಕೆ ನಾನು ಬಳಸುವುದು ಉಚಿತವಾಗಿ ಸಿಗುವ H5P. ಅದರ Interactive Video ದಲ್ಲಿ ಮುಖ್ಯ ಪಾಠದ ಬಾಲಕ್ಕೆ ಕವಲಿನ ತುಣುಕುಗಳನ್ನೆಲ್ಲ ಜೋಡಿಸಿ ಒಂದೇ ಫೈಲು ಮಾಡುತ್ತೇನೆ. Adaptivity ಎಂಬ ಸೌಲಭ್ಯ ಸರಿ-ತಪ್ಪು ಎಂಬ ಎರಡನ್ನೇ ಗುರುತಿಸುತ್ತದೆ. ಎರಡು ಬಗೆಯ ತಪ್ಪಿಗೆ ಎರಡು ದಾರಿ ಬೇಕಾದರೆ Crossroads ಹಾಕಬೇಕು. ಅದು ಆಯ್ಕೆಗೆ ತಕ್ಕಂತೆ ವಿಡಿಯೊದ ಬೇರೆ ನಿಮಿಷಕ್ಕೆ ಒಯ್ಯುತ್ತದೆ, ಆದರೆ ಅಂಕ ಕೊಡುವುದಿಲ್ಲ. ತಪ್ಪಿಗೆ ಅಂಕ ಕಳೆಯುವ ಭಯವಿಲ್ಲದ ಕಡೆ ಮಕ್ಕಳು ಅನಿಸಿದ್ದನ್ನೇ ಒತ್ತುತ್ತಾರೆ, ಹಾಗಾಗಿ ನನಗೆ ಅದು ಕೊರತೆ ಅನಿಸಿಲ್ಲ.

ಒಂದು ಎಡವಟ್ಟು ಮಾತ್ರ ಮೊದಲ ಸಲ ಆಗಿಯೇ ಆಗುತ್ತದೆ. ಅಮ್ಮೀಟರಿನ ತುಣುಕು ಮುಗಿದ ಕೂಡಲೇ ಅದರ ಪಕ್ಕದ ಸೆಲ್ ತಿರುಗಿಸುವ ತುಣುಕು ತಾನೇ ಓಡತೊಡಗುತ್ತದೆ, ನೋಡುವವರು ಕಕ್ಕಾಬಿಕ್ಕಿ. ಪ್ರತಿ ತುಣುಕಿನ ಕೊನೆಯಲ್ಲಿ ಒಂದೇ ಆಯ್ಕೆಯ ಇನ್ನೊಂದು Crossroads ಇಟ್ಟು, 'ಪಾಠಕ್ಕೆ ಹೋಗೋಣ' ಎಂದು ಬರೆದು, ಮುಖ್ಯ ಪಾಠದ ನಿಮಿಷ ಕೊಡಬೇಕು. ನಿಲ್ಲುವ ಜಾಗದಲ್ಲಿ ಎರಡು ಸೆಕೆಂಡು ಮೌನದ ಸ್ಥಿರಚಿತ್ರವಿರಲಿ, ಇಲ್ಲದಿದ್ದರೆ ಮಾತಿನ ಕೊನೆಯ ಅಕ್ಷರ ತುಂಡಾಗುತ್ತದೆ.

ಬರಹದಲ್ಲಿ ಹೆಚ್ಚು ಹುಡುಕಿ ತೆಗೆಯಬೇಕಾದದ್ದು 'ಆಗಲೇ ಹೇಳಿದೆನಲ್ಲ' ಎಂಬ ಮಾತು. ತರಗತಿಯಲ್ಲಿ ಅದು ಸಹಜ. ಇಲ್ಲಿ 'ಆಗಲೇ' ಹೇಳಿದ್ದು ಬೇರೆ ಕವಲಿನಲ್ಲಿದ್ದರೆ, ಈ ಮಗು ಅದನ್ನು ಕೇಳಿಯೇ ಇರುವುದಿಲ್ಲ. ಅಮ್ಮೀಟರಿನ ಮಾತು ಸರಿಯುತ್ತರ ಕೊಟ್ಟವರಿಗೂ ಬೇಕಾದ್ದರಿಂದ, ದಾರಿಗಳು ಕೂಡುವಲ್ಲಿ ಅದನ್ನು ಎರಡು ವಾಕ್ಯದಲ್ಲಿ ಮತ್ತೆ ಹೇಳಿಸಿದೆ.

ದಾರಿಗಳು ಕೂಡಿದ ಮೇಲೆ ಮೊದಲಿನ ಪ್ರಶ್ನೆಯನ್ನೇ ಕೇಳಿದರೆ ಎಲ್ಲರೂ 'ಎರಡೂ ಸಮ' ಎನ್ನುತ್ತಾರೆ. ಅದಕ್ಕೇ ಈ ಸಲ ಎರಡು ಬೇರೆ ಬೇರೆ ಬಲ್ಬು ಇಟ್ಟೆ, ಒಂದರ ರೋಧ ಹೆಚ್ಚು. ಪ್ರವಾಹ ಈಗಲೂ ಎರಡರಲ್ಲೂ ಒಂದೇ, ಆದರೆ ರೋಧ ಹೆಚ್ಚಿರುವ ಬಲ್ಬೇ ಹೆಚ್ಚು ಬೆಳಗುತ್ತದೆ. 'ಸಮ' ಎಂದು ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಿಮ್ಮ ಪಾಠವನ್ನೂ ಹೀಗೆ ಮಾಡುವ ಮನಸ್ಸಿದ್ದರೆ ಕಂಪ್ಯೂಟರ್ ತೆರೆಯುವ ಮೊದಲು ಹಳೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಮಕ್ಕಳು ಬರೆದ ತಪ್ಪು ಉತ್ತರಗಳನ್ನು ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಇಳಿಸಿಕೊಳ್ಳಿ.