ಎರಡು ತಿಂಗಳ ನೋಟಿಸ್: ಕೊಡಬೇಕಾದವರು ಯಾರು?

ಬೆಂಗಳೂರಿನಲ್ಲಿ ಮನೆ ಬಾಡಿಗೆಯ ಕರಾರುಗಳು ಬಹುಪಾಲು ಇಂಗ್ಲಿಷಿನಲ್ಲಿ, ಹನ್ನೊಂದು ತಿಂಗಳ ಅವಧಿಗೆ ಆಗುತ್ತವೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು; ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ವಯಸ್ಸಾದ ಮಾಲೀಕರು ಇಂಥ ಪತ್ರದಲ್ಲಿ ನೋಡುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬುದನ್ನು ಮಾತ್ರ. ಮುಂದೆ ಜಗಳಕ್ಕೆ ಕಾರಣವಾಗುವುದು ಮಾತ್ರ ಹೆಚ್ಚಾಗಿ ನೋಟಿಸಿನ ಷರತ್ತು. ಅಂಥದೊಂದು ಷರತ್ತಿನ ಕನ್ನಡ ರೂಪವನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ.

ಮಾಲೀಕರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು, ಎಪ್ಪತ್ತು ದಾಟಿದವರು. ದಿನವೂ ಕನ್ನಡ ಪತ್ರಿಕೆಯನ್ನು ಪೂರ್ತಿ ಓದುತ್ತಾರೆ. ಕರಾರಿನ ಇಂಗ್ಲಿಷ್ ಮಾತ್ರ ಅವರಿಗೆ ಎಟುಕುವುದಿಲ್ಲ. ಕೆಳಗಿನ ಮನೆಯಲ್ಲಿ ತಾವಿದ್ದು ಮೇಲಿನದನ್ನು ತಿಂಗಳಿಗೆ 18,000 ರೂಪಾಯಿಗೆ ಬಾಡಿಗೆಗೆ ಕೊಟ್ಟರು; ಅಡ್ವಾನ್ಸ್ ಒಂದು ಲಕ್ಷ. ಇಂಗ್ಲಿಷ್ ಕರಡನ್ನು ಬಾಡಿಗೆಗೆ ಬಂದ ಹುಡುಗ ತಂದ. ಮಾಲೀಕರು ಕೇಳಿದ್ದರಿಂದ ಟೈಪಿಂಗ್ ಅಂಗಡಿಯಲ್ಲಿ ಅದಕ್ಕೊಂದು ಕನ್ನಡ ಪ್ರತಿಯೂ ಆಯಿತು.

ಇಂಗ್ಲಿಷ್ ಷರತ್ತಿನ ಸಾರ ಇಷ್ಟು: ಇಬ್ಬರಲ್ಲಿ ಯಾರೇ ಆಗಲಿ, ಮತ್ತೊಬ್ಬರಿಗೆ ಎರಡು ತಿಂಗಳು ಮುಂಚಿತವಾಗಿ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು, ಇಲ್ಲವೇ ಅದರ ಬದಲಿಗೆ ಎರಡು ತಿಂಗಳ ಬಾಡಿಗೆ ಕೊಟ್ಟು, ಕರಾರನ್ನು ಮುಗಿಸಬಹುದು. ಅದಕ್ಕೆ ಸಿಕ್ಕ ಕನ್ನಡ ಹೀಗಿತ್ತು: “ಸದರಿ ಮನೆಯನ್ನು ಖಾಲಿ ಮಾಡುವ ಸಂದರ್ಭದಲ್ಲಿ ಎರಡು ತಿಂಗಳು ಮುಂಚಿತವಾಗಿ ಲಿಖಿತ ನೋಟಿಸ್ ಕೊಡತಕ್ಕದ್ದು, ತಪ್ಪಿದಲ್ಲಿ ಎರಡು ತಿಂಗಳ ಬಾಡಿಗೆಯನ್ನು ಕೊಡತಕ್ಕದ್ದು.”

ಈ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಎರಡು ತಿಂಗಳು, ನೋಟಿಸ್, ಬದಲಿ ಬಾಡಿಗೆ ಎಲ್ಲವೂ ಬಂದಿವೆ. ಬಾರದೆ ಹೋದದ್ದು ಮನುಷ್ಯರು. ಯಾರು ಕೊಡತಕ್ಕದ್ದು, ಯಾರಿಗೆ ಕೊಡತಕ್ಕದ್ದು? ಕರ್ತೃವನ್ನು ಹೇಳದೆ ವಾಕ್ಯ ಮುಗಿಸುವುದು ಕನ್ನಡಕ್ಕೆ ಸಹಜ. ಮಾತಿನಲ್ಲಿ ಸಂದರ್ಭವೇ ಅದನ್ನು ತುಂಬಿಕೊಡುತ್ತದೆ. ಕರಾರಿನಲ್ಲಿ ಹಾಗೆ ಬಿಟ್ಟ ಜಾಗವನ್ನು ಓದುವವರು ತಮಗೆ ತಿಳಿದಂತೆ ತುಂಬಿಕೊಳ್ಳುತ್ತಾರೆ. ಇಲ್ಲಿ “ಖಾಲಿ ಮಾಡುವ” ಎಂಬ ಮಾತೇ ಮಾಲೀಕರಿಗೆ ದಾರಿ ತೋರಿಸಿತು. ಖಾಲಿ ಮಾಡುವವರು ಬಾಡಿಗೆದಾರರು, ಖಾಲಿ ಮಾಡಿಸುವವರು ಮಾಲೀಕರು. ಹಾಗಾಗಿ ಷರತ್ತು ಹುಡುಗನಿಗೆ ಮಾತ್ರ ಎಂದು ಅವರು ಅರ್ಥ ಮಾಡಿಕೊಂಡರು. ಮಗ ಊರಿಗೆ ವಾಪಸ್ ಬಂದರೆ ಹದಿನೈದು ದಿನದಲ್ಲಿ ಮೇಲಿನ ಮನೆ ಬಿಡಿಸಿಕೊಳ್ಳಬಹುದು ಎಂದೇ ಅವರು ನಂಬಿದ್ದರು. ಇಂಗ್ಲಿಷ್ ಪತ್ರ ಅವರನ್ನೂ ಅದೇ ಎರಡು ತಿಂಗಳಿಗೆ ಕಟ್ಟಿಹಾಕಿತ್ತು. ಓದುಗರ ಕಟ್ಟುಪಾಡನ್ನೇ ಅವರಿಂದ ಮರೆಮಾಚಿದ ಅನುವಾದ ಅದು. ಉಳಿದೆಲ್ಲ ಸರಿಯಿದ್ದರೂ ಈ ಒಂದು ಕಾರಣಕ್ಕೆ ಅದನ್ನು ಒಪ್ಪಲಾಗದು.

ಎರಡನೆಯ ತೊಡಕು ದಿನದ ಲೆಕ್ಕದ್ದು. ಇದು ಕನ್ನಡ ಪ್ರತಿಯ ತಪ್ಪಲ್ಲ, ಮೂಲದ್ದೇ ಕೊರತೆ. ಎರಡು ತಿಂಗಳು ಯಾವ ದಿನದಿಂದ ಶುರು ಎಂದು ಇಂಗ್ಲಿಷಿನಲ್ಲಿ ಇರಲಿಲ್ಲ. ಹುಡುಗ ಡಿಸೆಂಬರ್ 20ರಂದು ಪತ್ರವನ್ನು ಕೈಗೆ ಕೊಟ್ಟನೆಂದು ಇಟ್ಟುಕೊಳ್ಳಿ. ಅವನ ಲೆಕ್ಕದಲ್ಲಿ ಫೆಬ್ರವರಿ 20ಕ್ಕೆ ಅವಧಿ ಮುಗಿಯುತ್ತದೆ. ಬಾಡಿಗೆಯನ್ನು ಒಂದನೇ ತಾರೀಖಿನಿಂದ ಎಣಿಸುವ ಮಾಲೀಕರು ಜನವರಿ, ಫೆಬ್ರವರಿ ಎಂದು ಪೂರ್ತಿ ತಿಂಗಳು ಲೆಕ್ಕ ಹಾಕುತ್ತಾರೆ. ನಡುವೆ ಉಳಿಯುವುದು ಎಂಟು ದಿನ, ಸುಮಾರು 5,143 ರೂಪಾಯಿ. ಅಡ್ವಾನ್ಸ್ ವಾಪಸ್ ಕೊಡುವಾಗ ಬಣ್ಣದ ಖರ್ಚಿನ ಜೊತೆ ಈ ಮೊತ್ತವೂ ಸೇರಿ ಮಾತು ಬೆಳೆಯುತ್ತದೆ.

ಕಾನೂನು ಇದಕ್ಕೊಂದು ದಾರಿ ತೋರಿಸಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟಿಸ್ ಸಾಕು. ಅದು ಎರಡೂ ಕಡೆಯವರಿಗೆ ಅನ್ವಯ. ಆ ನೋಟಿಸ್ ಮೊದಲು ತಿಂಗಳ ಕೊನೆಗೇ ಮುಗಿಯಬೇಕಿತ್ತು. 2002ರ ತಿದ್ದುಪಡಿ ಆ ನಿಯಮವನ್ನು ತೆಗೆದು, ನೋಟಿಸ್ ಕೈಸೇರಿದ ದಿನದಿಂದ ಅವಧಿ ಎಣಿಸಬೇಕು ಎಂದಿತು. ಕರಾರಿನಲ್ಲಿಯೂ ಅದೇ ದಿನವನ್ನು ಹಿಡಿಯುವುದು ಒಳ್ಳೆಯದು. ಆದರೆ ಅನುವಾದಕ ಅದನ್ನು ಕನ್ನಡ ಪ್ರತಿಗೆ ಮಾತ್ರ ಸೇರಿಸಿದರೆ ಎರಡು ಪ್ರತಿಗಳೂ ಬೇರೆಯಾಗುತ್ತವೆ. ಮೂಲ ಸುಮ್ಮನಿರುವ ಕಡೆ ಅನುವಾದಕನೂ ಸುಮ್ಮನಿರಬೇಕು. ಸಹಿಗೆ ಮುಂಚೆ ಇಬ್ಬರನ್ನೂ ಕೇಳಿ, ಇಂಗ್ಲಿಷಿಗೂ ಅದನ್ನು ಸೇರಿಸಿ, ಆಮೇಲೆ ಕನ್ನಡಕ್ಕೆ ತರಬೇಕು.

ಮೂರನೆಯದು ಬದಲಿ ಬಾಡಿಗೆ. “ತಪ್ಪಿದಲ್ಲಿ” ಎಂಬ ಮಾತು ಅದನ್ನು ದಂಡದಂತೆ ಕೇಳಿಸುತ್ತದೆ. ಮೂಲದಲ್ಲಿ ಅದು ದಂಡವಲ್ಲ, ಎರಡನೆಯ ದಾರಿ: 36,000 ರೂಪಾಯಿ ಕೊಟ್ಟರೆ ಹುಡುಗ ಇವತ್ತೇ ಕರಾರು ಮುಗಿಸಬಹುದು, ಮಾಲೀಕರೂ ಅಷ್ಟೇ ಹಣವನ್ನು ಅವನಿಗೆ ಕೊಟ್ಟು ಮುಗಿಸಬಹುದು. ಮಾಲೀಕರು ತಮ್ಮ ಕೈಯಿಂದ ಕೊಡಬೇಕಾಗಬಹುದು ಎಂಬುದು ಕನ್ನಡ ಪ್ರತಿಯಲ್ಲಿ ಕಾಣುತ್ತಲೇ ಇರಲಿಲ್ಲ. ಈ ಹಣವನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದೇ ಎಂಬುದನ್ನು ಇಂಗ್ಲಿಷೂ ಹೇಳಿರಲಿಲ್ಲ. ಅದನ್ನೂ ಕೇಳಿ ಬರೆಸಬೇಕಾಯಿತು.

ಇಬ್ಬರೂ ಕೂತು ಮಾತಾಡಿ, ಇಂಗ್ಲಿಷನ್ನು ತಿದ್ದಿಸಿದ ಮೇಲೆ ಬರೆದ ಕನ್ನಡ ಇದು:

“ಮನೆ ಬಿಡಬೇಕಾದರೆ ಬಾಡಿಗೆದಾರರು ಎರಡು ತಿಂಗಳು ಮುಂಚೆ ಮಾಲೀಕರಿಗೆ ಪತ್ರ ಬರೆದು ಕೊಡಬೇಕು. ಮನೆ ಖಾಲಿ ಮಾಡಿಸಬೇಕಾದರೆ ಮಾಲೀಕರು ಎರಡು ತಿಂಗಳು ಮುಂಚೆ ಬಾಡಿಗೆದಾರರಿಗೆ ಪತ್ರ ಬರೆದು ಕೊಡಬೇಕು. ಪತ್ರ ಕೈಗೆ ಸೇರಿದ ದಿನದಿಂದ ಎರಡು ತಿಂಗಳು ಎಣಿಸಬೇಕು. ಪತ್ರ ಕೊಡದೆ ಕರಾರು ಮುಗಿಸುವವರು ಮತ್ತೊಬ್ಬರಿಗೆ ಎರಡು ತಿಂಗಳ ಬಾಡಿಗೆ, ಅಂದರೆ 36,000 ರೂಪಾಯಿ, ಕೊಡಬೇಕು. ಬಾಡಿಗೆದಾರರು ಕೊಡಬೇಕಾದ ಈ ಹಣವನ್ನು ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು.”

ಒಂದು ವಾಕ್ಯದ ಜಾಗದಲ್ಲಿ ಐದಾದವು. “ಬಾಡಿಗೆದಾರರು”, “ಮಾಲೀಕರು” ಮತ್ತೆ ಮತ್ತೆ ಬಂದು ಓದಲು ಸ್ವಲ್ಪ ಭಾರವೆನಿಸುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ಇಲ್ಲಿ ಮರುಕಳಿಕೆಯೇ ಕಾವಲು. “ಉಭಯ ಪಕ್ಷಕಾರರ ಪೈಕಿ ಯಾರೇ ಆದರೂ” ಎಂದು ಒಂದೇ ಏಟಿಗೆ ಮುಗಿಸಬಹುದಿತ್ತು. ಅರ್ಥದಲ್ಲಿ ತಪ್ಪೇನೂ ಬರುತ್ತಿರಲಿಲ್ಲ. ಹಾಗೆ ಬರೆದು ತೋರಿಸಿದಾಗ ಮಾಲೀಕರು “ಇದರಲ್ಲಿ ನಾನೂ ಇದ್ದೀನಾ?” ಎಂದು ಕೇಳಿದ್ದರು. ಎರಡನೆಯ ವಾಕ್ಯವನ್ನು ಬಿಡಿಸಿ ಬರೆದ ಮೇಲೆ “ಹಾಗಾದ್ರೆ ಮಗ ಬರೋದು ಗೊತ್ತಾದ ತಕ್ಷಣ ನಾನು ಬರೆದುಕೊಡಬೇಕು” ಎಂದರು. ನನ್ನ ಮಟ್ಟಿಗೆ ಅನುವಾದ ಗೆದ್ದದ್ದು ಆ ಮಾತಿನಲ್ಲಿ.

ಕನ್ನಡ ಪ್ರತಿ ಎಷ್ಟೇ ಚೆನ್ನಾಗಿದ್ದರೂ ಸಹಿ ಇಲ್ಲದಿದ್ದರೆ ಅದು ತಿಳಿವಳಿಕೆಯ ಚೀಟಿ ಮಾತ್ರ. ಕಟ್ಟಿಹಾಕುವುದು ಸಹಿ ಬಿದ್ದ ಇಂಗ್ಲಿಷ್ ಪತ್ರವೇ. ಆದ್ದರಿಂದ ಎರಡು ಭಾಷೆಯ ಪ್ರತಿಗಳಿದ್ದರೆ ಎರಡಕ್ಕೂ ಇಬ್ಬರ ಸಹಿ ಹಾಕಿಸಿ. ಭಿನ್ನತೆ ಬಂದರೆ ಯಾವುದನ್ನು ಹಿಡಿಯಬೇಕು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಸಿ. ಅದಕ್ಕಿಂತ ನೇರವಾದ ದಾರಿಯೂ ಇದೆ. ಬಾಡಿಗೆ ಕರಾರು ಇಂಗ್ಲಿಷಿನಲ್ಲೇ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಇಬ್ಬರಿಗೂ ಕನ್ನಡ ಓದಲು ಬರುವುದಾದರೆ ಮೊದಲ ಕರಡನ್ನೇ ಕನ್ನಡದಲ್ಲಿ ಬರೆಸಿ.

ನಿಮ್ಮ ಮನೆಯ ಹಿರಿಯರು ಸಹಿ ಹಾಕುವ ಮುಂಚೆ ನೋಟಿಸಿನ ಷರತ್ತನ್ನು ಅವರ ಬಾಯಲ್ಲೇ ಹೇಳಿಸಿ: ಯಾರು ಕೊಡಬೇಕು, ಯಾವ ದಿನದಿಂದ ಲೆಕ್ಕ, ಕೊಡದಿದ್ದರೆ ಎಷ್ಟು ಹಣ, ಯಾರಿಂದ ಯಾರಿಗೆ. ಇಷ್ಟನ್ನು ಅವರು ತಡವರಿಸದೆ ಹೇಳುವವರೆಗೆ ಪೆನ್ನು ಕೊಡಬೇಡಿ.